ಲಾರಿ ವಾಪಸ್ ಕಳಿಸಿದ ಮೇಲೆ ಏನಾಯಿತು: ನನ್ನ ವರ್ಷಾಂತ್ಯದ ಏಳು ಸ್ಲೈಡ್‌ಗಳು

ಡಿಸೆಂಬರ್ ಕೊನೆಯ ವಾರ ಲಿಂಕ್ಡ್‌ಇನ್ ತೆರೆದರೆ ಸಾಕು, ಎಲ್ಲರೂ ಗೆದ್ದವರೇ. ಪ್ರಮೋಷನ್, ಪ್ರಶಸ್ತಿ, ಇಷ್ಟು ಲಕ್ಷ ಚದರಡಿ ಮುಗಿಸಿದೆವು, ನಮ್ಮ ಟೀಮ್‌ಗೆ ಕೃತಜ್ಞತೆ. ನಾನು ಬೆಂಗಳೂರಿನಲ್ಲಿ ಕಟ್ಟಡಗಳ ಸೈಟ್ ಎಂಜಿನಿಯರ್. ನಮ್ಮ ಕೆಲಸದಲ್ಲಿ ಅಷ್ಟು ನುಣುಪಾಗಿ ಯಾವ ವರ್ಷವೂ ಮುಗಿಯುವುದಿಲ್ಲ ಅನ್ನೋದು ಸೈಟಿನಲ್ಲಿ ನಿಂತವರಿಗೆಲ್ಲ ಗೊತ್ತು. ಹಾಗಾಗಿ ಈ ಸಲ ಗೆದ್ದಿದ್ದನ್ನು ಬಿಟ್ಟು, ಕಲಿತಿದ್ದನ್ನು ಮಾತ್ರ ಹಾಕೋಣ ಅಂತ ಒಂದೊಂದೇ ಸರಿಸಿ ಓದುವ ಏಳು ಸ್ಲೈಡಿನ ಒಂದು ಕ್ಯಾರೊಸೆಲ್ ಮಾಡಿದೆ. ಹೇಗೆ ಮಾಡಿದ್ದು, ಏನು ಬಿಟ್ಟಿದ್ದು ಅಂತ ಕೆಲವರು ಕೇಳಿದರು. ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಸಾಮಗ್ರಿ. ವರ್ಷದ ಪಾಠಗಳನ್ನು ತಲೆಯಿಂದ ನೆನಪಿಸಿಕೊಂಡು ಬರೆಯಲು ಕೂರಬೇಡಿ. ನೆನಪಿಗೆ ಬರುವುದು ಒಂದೋ ಕಳೆದ ತಿಂಗಳದ್ದು, ಇಲ್ಲಾ ನಾವು ಹತ್ತು ಜನರಿಗೆ ಹೇಳಿ ಹೇಳಿ ಚೆನ್ನಾಗಿ ಪಾಲಿಶ್ ಆಗಿರುವ ಕಥೆ. ನಾನು ಮೂರು ಕಡೆ ಹುಡುಕಿದೆ. ಸೈಟ್ ಡೈರಿ, ಕಾಂಕ್ರೀಟ್ ಹಾಕುವ ದಿನ ತುಂಬುವ ಪೋರ್ ಕಾರ್ಡ್, ಆಮೇಲೆ ಸೈಟಿನ ವಾಟ್ಸಾಪ್ ಗ್ರೂಪ್. ಡೈರಿಯಲ್ಲಿ ನಾವು ಮರ್ಯಾದೆಯಾಗಿ ಬರೆದಿರುತ್ತೇವೆ. ನಿಜ ಇರುವುದು ವಾಟ್ಸಾಪಿನಲ್ಲಿ. 'ಗಾಡಿ ಎಲ್ಲಿ', 'ಇನ್ನೂ ಎಷ್ಟೊತ್ತು', 'ಪಂಪ್‌ನವನು ಹೋಗ್ತೀನಿ ಅಂತಿದಾನೆ' ಅನ್ನುವ ಮೆಸೇಜುಗಳು, ಅವುಗಳ ಪಕ್ಕದಲ್ಲೇ ಗಂಟೆ ನಿಮಿಷ. ಡೈರಿಯಲ್ಲಿ ಅದೇ ದಿನ 'ಕಾಂಕ್ರೀಟ್ ಸರಬರಾಜು ವಿಳಂಬ' ಅಂತ ಒಂದೇ ಸಾಲು ಇತ್ತು.

ಹೀಗೆ ಹುಡುಕಿದಾಗ ಬರೆಯಬಹುದಾದ ವಿಷಯ ತುಂಬಾ ಸಿಕ್ಕಿತು. ಒಂದನ್ನೇ ಇಟ್ಟುಕೊಂಡೆ. ಹೆಚ್ಚಿನವರು ಸ್ಲೈಡಿಗೊಂದು ಪಾಠ ಹಾಕುತ್ತಾರೆ. 'ತಾಳ್ಮೆ ಮುಖ್ಯ', 'ಸಂವಹನ ಮುಖ್ಯ' ಅಂತ ಏಳು ಸ್ಲೈಡಿಗೆ ಏಳು ಮುಖ್ಯ. ಓದಿದವರಿಗೆ ಒಂದೂ ಉಳಿಯುವುದಿಲ್ಲ. ಒಂದೇ ಘಟನೆಯನ್ನು ಏಳು ಸ್ಲೈಡಿನಲ್ಲಿ ಬಿಡಿಸಿದರೆ ಕಾರಣ, ನಿರ್ಧಾರ, ಅದರ ಬೆಲೆ ಎಲ್ಲಕ್ಕೂ ಜಾಗ ಸಿಗುತ್ತದೆ. ಆಯ್ಕೆಗೆ ನಾನು ಇಟ್ಟುಕೊಂಡ ಅಳತೆ ಇಷ್ಟೇ: ಓದಿದ ಇನ್ನೊಬ್ಬ ಎಂಜಿನಿಯರ್ ನಾಳೆ ಬೆಳಿಗ್ಗೆ ತನ್ನ ಸೈಟಿನಲ್ಲಿ ಏನಾದರೂ ಬೇರೆ ಥರ ಮಾಡಬೇಕು. ಕಾಲಂ ಕ್ಯೂರಿಂಗ್ ಬಗ್ಗೆ ಬರೆಯೋಣ ಅನಿಸಿತ್ತು, ಆದರೆ ಅಲ್ಲಿ ನನಗೆ ಹೇಳೋದಕ್ಕೆ ಹೊಸದೇನೂ ಇರಲಿಲ್ಲ. ಗೋಣಿಚೀಲ ಸುತ್ತಿ, ಒದ್ದೆ ಇಡಿ, ಭಾನುವಾರ ನೀರು ಹಾಕೋರು ಯಾರು ಅಂತ ಶನಿವಾರವೇ ಗೊತ್ತು ಮಾಡಿ. ಮುಗೀತು.

ಆರಿಸಿಕೊಂಡ ಘಟನೆ ಒಂದು ಸ್ಲ್ಯಾಬ್ ಕಾಂಕ್ರೀಟಿನದು. ಎಂ25 ಕಾಂಕ್ರೀಟ್, ಪಂಪ್‌ನಲ್ಲಿ ಹಾಕುತ್ತಿದ್ದೆವು. ಅರ್ಧ ಮುಗಿದಿತ್ತು. ಆಮೇಲೆ ಬಂದ ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬಹಳ ತಡವಾಗಿತ್ತು. ರೆಡಿಮಿಕ್ಸ್ ಕಾಂಕ್ರೀಟ್ ಲೋಡ್ ಆದ 2 ಗಂಟೆಯೊಳಗೆ ಇಳಿಸಿ ಮುಗಿಸಬೇಕು ಅನ್ನೋದು ಸಾಮಾನ್ಯ ನಿಯಮ. ಚಲನ್‌ನಲ್ಲಿ ಲೋಡಿಂಗ್ ಟೈಮ್ ನೋಡಿದರೆ ಅದು ದಾಟಿತ್ತು. ಕಾಂಕ್ರೀಟ್ ಎಷ್ಟು ಸಡಿಲ ಇದೆ ಅಂತ ತೋರಿಸುವ ಸ್ಲಂಪ್ ತೆಗೆದರೆ 60 ಮಿಲಿಮೀಟರ್. ನಮಗೆ ಪಂಪ್‌ಗೆ ಬೇಕಿದ್ದದ್ದು 100ಕ್ಕಿಂತ ಮೇಲೆ. ಡ್ರೈವರ್ 'ಸ್ವಲ್ಪ ನೀರು ಬಿಟ್ರೆ ಸರಿ ಹೋಗುತ್ತೆ ಮೇಡಂ' ಅಂದರು. ನೀರು ಬಿಟ್ಟರೆ ಹರಿಯುತ್ತದೆ ನಿಜ, ಆದರೆ ಸಿಮೆಂಟಿಗೆ ನೀರಿನ ಪ್ರಮಾಣ ಏರಿ ಗಟ್ಟಿತನ ಇಳಿಯುತ್ತದೆ. ಲಾರಿ ವಾಪಸ್ ಕಳಿಸಿದೆ.

ಮೊದಲ ಸಲ ಸ್ಲೈಡ್ ಬರೆದಾಗ ಕಥೆ ಇಲ್ಲಿಗೇ ಮುಗಿದಿತ್ತು. ಕೊನೆಯ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು:

"ಎಲ್ಲರೂ ಹಾಕಿ ಅಂದರು. ನಾನು ಬೇಡ ಅಂದೆ. ಗುಣಮಟ್ಟದಲ್ಲಿ ರಾಜಿ ಇಲ್ಲ."

ಓದೋಕೆ ಚೆನ್ನಾಗಿದೆ ಅಲ್ವಾ? ಪೋಸ್ಟ್ ಮಾಡುವ ಮೊದಲು ಆ ದಿನ ಸ್ಲ್ಯಾಬ್ ಮೇಲೆ ನನ್ನ ಜೊತೆ ಇದ್ದ ಮೇಸ್ತ್ರಿಗೆ ತೋರಿಸಬೇಕು ಅಂತ ಮೊದಲೇ ಅಂದುಕೊಂಡಿದ್ದೆ. ಕನ್ನಡದಲ್ಲಿ ಬರೆದದ್ದಕ್ಕೆ ಒಂದು ಕಾರಣವೂ ಅದೇ. ಅವರು ಫೋನ್ ಕೈಗೆ ತಗೊಂಡು ನಿಧಾನಕ್ಕೆ ಒಂದೊಂದೇ ಸ್ಲೈಡ್ ಸರಿಸಿ ಓದಿದರು. ಆಮೇಲೆ ಅಂದರು, 'ಗಾಡಿ ವಾಪಸ್ ಕಳ್ಸಿದ್ದು ಬರ್ದಿದೀರ ಮೇಡಂ. ಆಮೇಲೆ ನಾವು ರಾತ್ರಿ ತನಕ ಒದ್ದಾಡಿದ್ದು ಬರ್ದೇ ಇಲ್ವಲ್ಲ?'

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಲಾರಿ ವಾಪಸ್ ಕಳಿಸುವುದು ಎರಡು ನಿಮಿಷದ ಕೆಲಸ. ಕಳಿಸಿದ ಮೇಲೆ ಶುರುವಾಗುವುದೇ ನಿಜವಾದ ಎಂಜಿನಿಯರಿಂಗ್. ನನ್ನ ಸ್ಲೈಡಿನಲ್ಲಿ ಅದು ಒಂದು ಸಾಲೂ ಇರಲಿಲ್ಲ. ಇದ್ದದ್ದು ನಾನು ಹೇಗೆ ಗಟ್ಟಿಗಿತ್ತಿ ಅನ್ನೋದು ಮಾತ್ರ. ಜಂಬ ಎಷ್ಟೋ ಸಲ ಹೀಗೆಯೇ ಒಳಗೆ ಬರುತ್ತದೆ. ಸುಳ್ಳು ಹೇಳಬೇಕಾಗಿಲ್ಲ, ಕಥೆಯನ್ನು ನಮಗೆ ಅನುಕೂಲವಾದ ಜಾಗದಲ್ಲಿ ನಿಲ್ಲಿಸಿದರೆ ಸಾಕು.

ಹಾಗಾದರೆ ಆಮೇಲೆ ಏನಾಯಿತು? ಎರಡನೇ ಸಲ ಬರೆದಾಗ ಏಳರಲ್ಲಿ ನಾಲ್ಕು ಸ್ಲೈಡು ಇದಕ್ಕೇ ಹೋಯಿತು.

ಪ್ಲಾಂಟ್‌ಗೆ ಫೋನ್ ಮಾಡಿದರೆ ಮುಂದಿನ ಗಾಡಿ ಒಂದೂವರೆ ಗಂಟೆಯ ಮೇಲೆ ಅಂದರು. ಇತ್ತ ಹಾಕಿದ್ದ ಕಾಂಕ್ರೀಟಿನ ಅಂಚು ಬಿಸಿಲಿಗೆ ಬಿಗಿಯಾಗುತ್ತಾ ಬರುತ್ತಿತ್ತು. ಹಳೆಯದು ಸೆಟ್ ಆದ ಮೇಲೆ ಅದರ ಪಕ್ಕಕ್ಕೆ ಸುಮ್ನೆ ಹೊಸದು ಸುರಿದರೆ ಎರಡೂ ಬೆರೆಯುವುದಿಲ್ಲ, ನಡುವೆ ಕೋಲ್ಡ್ ಜಾಯಿಂಟ್ ಆಗುತ್ತದೆ. ಮುಂದೆ ನೀರು ಜಿನುಗುವುದು, ಬಿರುಕು ಬಿಡುವುದು ಇಂಥ ಜಾಗದಲ್ಲೇ. ಕಾಯಬಹುದಾ ಬೇಡವಾ ಅಂತ ತಿಳಿಯೋದಕ್ಕೆ ಸೈಟಿನಲ್ಲಿ ಒಂದು ಸುಲಭದ ಪರೀಕ್ಷೆ ಇದೆ. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಚಾಲೂ ಮಾಡಿ ನೀಡಲ್‌ ಅನ್ನು ಅಂಚಿನ ಕಾಂಕ್ರೀಟ್ ಮೇಲೆ ಇಡಿ, ಒತ್ತಬೇಡಿ. ತನ್ನ ಭಾರಕ್ಕೆ ತಾನೇ ಇಳಿದು, ನಿಧಾನಕ್ಕೆ ಎತ್ತಿದಾಗ ತೂತು ಮುಚ್ಚಿಕೊಂಡರೆ ಇನ್ನೂ ಜೀವ ಇದೆ, ಹೊಸದರ ಜೊತೆ ಬೆರೆಯುತ್ತದೆ. ನೀಡಲ್ ಇಳಿಯದಿದ್ದರೆ, ಅಥವಾ ಎತ್ತಿದ ಮೇಲೆ ತೂತು ಹಾಗೇ ಉಳಿದರೆ, ಅಲ್ಲಿಗೆ ನಿಲ್ಲಿಸಿ ಸರಿಯಾದ ಜಾಯಿಂಟ್ ಮಾಡಿಕೊಳ್ಳಬೇಕು.

ಸರಿಯಾದ ಜಾಯಿಂಟ್ ಎಲ್ಲಿ ಬೇಕಾದರೂ ಬರುವ ಹಾಗಿಲ್ಲ. ಸ್ಲ್ಯಾಬ್ ಬೀಮ್‌ಗೆ ಸೇರುವ ಕಡೆ ಶಿಯರ್, ಅಂದರೆ ಕತ್ತರಿಸುವಂಥ ಬಲ, ಜಾಸ್ತಿ, ನಡುವೆ ಕಡಿಮೆ. ಅದಕ್ಕೇ ಎರಡು ಬೀಮ್‌ಗಳ ನಡುವಿನ ಜಾಗವನ್ನು ಮೂರು ಪಾಲು ಮಾಡಿದರೆ ನಡುವಿನ ಪಾಲಿನಲ್ಲಿ ನಿಲ್ಲಿಸುವುದು ರೂಢಿ. ನಮ್ಮದು 4 ಮೀಟರ್ ಅಂತರದ ಪ್ಯಾನೆಲ್. ಕಾಂಕ್ರೀಟು ನಡುವಿನ ಪಾಲನ್ನು ದಾಟಿ ಮುಂದಿನ ಬೀಮ್‌ನ ಕಡೆಗೆ ಸ್ವಲ್ಪ ಹೋಗಿ ನಿಂತಿತ್ತು. ಸ್ಟ್ರಕ್ಚರಲ್ ಕನ್ಸಲ್ಟೆಂಟ್‌ಗೆ ಫೋನ್‌ನಲ್ಲೇ ಫೋಟೋ ಕಳಿಸಿದೆ. 'ಹಾಕಿದ್ದರಲ್ಲಿ ಸುಮಾರು ಎರಡಡಿ ಹಿಂದಕ್ಕೆ ತೆಗೀರಿ, ನೇರಕ್ಕೆ ಹಲಗೆ ಕೊಡಿ, ಇಳಿಜಾರಾಗಿ ಬಿಡಬೇಡಿ' ಅಂದರು.

ಹೇಳುವುದು ಸುಲಭ. ಕಂಬಿಯ ಸಂದಿಯಿಂದ ಬಿಗಿಯಾಗುತ್ತಿರುವ ಕಾಂಕ್ರೀಟನ್ನು ಸಲಿಕೆ, ಬಾಂಡ್ಲಿ ಹಿಡಿದು ತೆಗೆಯಬೇಕು. ಹಲಗೆ ನಿಲ್ಲಬೇಕಾದರೆ ಪ್ರತಿ ಕಂಬಿ ಬರುವ ಕಡೆ ಅದಕ್ಕೆ ಕಚ್ಚು ಹಾಕಬೇಕು. ಆ ಹಲಗೆ ನಮ್ಮ ಹತ್ತಿರ ತಯಾರಿರಲಿಲ್ಲ. ಬಡಗಿ ಕಂಬಿಯ ಅಂತರ ಅಳೆದು ಕೊಯ್ದು ತರುವಷ್ಟರಲ್ಲಿ ಕತ್ತಲಾಯಿತು. ಗಾಡಿ ಬಂದಾಗ ನೀಡಲ್ ಇಳಿಯಲಿಲ್ಲ. ಅದನ್ನು ಬೇಡ ಅಂದು ಮಾರನೇ ದಿನಕ್ಕೆ ಇಟ್ಟುಕೊಂಡೆವು. ಬೆಳಿಗ್ಗೆ ಹಲಗೆ ಬಿಚ್ಚಿ, ವೈರ್ ಬ್ರಷ್‌ನಲ್ಲಿ ಉಜ್ಜಿ ಮೇಲಿನ ಸಿಮೆಂಟ್ ಹಾಲಿನ ಪದರ ತೆಗೆದು ಜಲ್ಲಿ ಕಾಣುವ ಹಾಗೆ ಮಾಡಿ, ನೆನೆಸಿ, ನಿಂತ ನೀರು ಒರೆಸಿ, ಸಿಮೆಂಟ್ ಸ್ಲರಿ ಬಳಿದು ಉಳಿದ ಅರ್ಧ ಹಾಕಿದೆವು. ಪಂಪ್‌ಗೆ ಎರಡನೇ ದಿನದ ಬಾಡಿಗೆ, ಕೆಲಸದವರಿಗೆ ಕಾದಿದ್ದಕ್ಕೆ ಹೆಚ್ಚುವರಿ ಕೂಲಿ. ಸೆಂಟ್ರಿಂಗ್ ಬಿಚ್ಚಿದ ಮೇಲೆ ಕೆಳಗಿನಿಂದ ನೋಡಿದರೆ ಜಾಯಿಂಟ್ ಗೆರೆ ಕಾಣುತ್ತದೆ. ನೀರು ಜಿನುಗಿಲ್ಲ, ಆದರೆ ಗೆರೆ ಇದೆ. ಅದನ್ನೂ ಸ್ಲೈಡಿನಲ್ಲಿ ಹಾಕಿದೆ.

ಇದೆಲ್ಲ ಬರೆದ ಮೇಲೆ ಪಾಠವೇ ಬೇರೆಯಾಯಿತು. 'ರಾಜಿ ಇಲ್ಲ' ಅನ್ನುವ ಸಾಲು ತೆಗೆದುಹಾಕಿದೆ. ಆರನೇ ಸ್ಲೈಡಿನಲ್ಲಿ ಕೊನೆಗೆ ಉಳಿದದ್ದು ಇದು:

"ಕಾಂಕ್ರೀಟ್ ಶುರು ಮಾಡುವ ಮುನ್ನಾದಿನ ಕನ್ಸಲ್ಟೆಂಟ್ ಹತ್ತಿರ ಒಂದು ಪ್ರಶ್ನೆ ಕೇಳಿ: ನಡುವೆ ನಿಂತುಹೋದರೆ ಎಲ್ಲೆಲ್ಲಿ ನಿಲ್ಲಿಸಬಹುದು? ಆ ಗೆರೆಗಳನ್ನು ಸೆಂಟ್ರಿಂಗ್ ಮೇಲೆ ಬಣ್ಣದಲ್ಲಿ ಗುರುತು ಮಾಡಿ. ಕಂಬಿ ಅಂತರಕ್ಕೆ ಕಚ್ಚು ಹಾಕಿದ ಹಲಗೆ ತಯಾರಿಡಿ. ಹಲಗೆ ತಯಾರಿದ್ದರೆ ಲಾರಿ ವಾಪಸ್ ಕಳಿಸುವುದು ಸುಲಭ."

ಕೊನೆಯ ವಾಕ್ಯ ನನಗೆ ಮುಖ್ಯ. ನೀರು ಬಿಡಿ ಅಂತ ಒಪ್ಪಿಕೊಳ್ಳುವ ಎಂಜಿನಿಯರುಗಳೆಲ್ಲ ಕಾಳಜಿ ಇಲ್ಲದವರು ಅಂತ ನಾನು ನಂಬುವುದಿಲ್ಲ. ಅರ್ಧ ಸ್ಲ್ಯಾಬಿನಲ್ಲಿ ನಿಂತಾಗ, ನಿಲ್ಲಿಸೋದಕ್ಕೆ ಜಾಗವೇ ಗೊತ್ತಿಲ್ಲದಿದ್ದಾಗ, ಎಂಥವರೂ 'ಸ್ವಲ್ಪ ಹಾಕಪ್ಪ' ಅಂದುಬಿಡುತ್ತಾರೆ.

ಬರೆಯುವ ವಿಷಯದಲ್ಲಿ ಇನ್ನೊಂದು ಮಾಡಿದೆ. ಪ್ರತಿ ಸ್ಲೈಡಿನಲ್ಲಿ 'ನಾನು' ಎಲ್ಲಿದೆ ಅಂತ ಗುರುತು ಹಾಕಿ, ಆ ಕೆಲಸ ನಿಜಕ್ಕೂ ಮಾಡಿದ್ದು ಯಾರು ಅಂತ ನೋಡಿದೆ. ವಾಪಸ್ ಕಳಿಸಿದ್ದು ನಾನು, ಸರಿ. ಎರಡಡಿ ತೆಗೆದದ್ದು ಮೇಸ್ತ್ರಿಯ ಕಡೆಯವರು, ಎಷ್ಟು ತೆಗೆಯಬೇಕು ಅಂದದ್ದು ಕನ್ಸಲ್ಟೆಂಟ್, ಹಲಗೆ ಕೊಯ್ದದ್ದು ಬಡಗಿ. ಹಾಗೇ ತಿದ್ದಿದೆ. 'ಎಲ್ಲರೂ ಹಾಕಿ ಅಂದರು' ಅನ್ನುವುದೂ ಸುಳ್ಳೇ, ಅಂದದ್ದು ಡ್ರೈವರ್ ಒಬ್ಬರೇ. ಮೇಸ್ತ್ರಿ ಸುಮ್ಮನಿದ್ದರು.

ಈಗ ಗುರುತು ಮರೆಸುವ ವಿಷಯ. ಇದನ್ನು ಹಗುರವಾಗಿ ತಗೋಬೇಡಿ, ನಿಮ್ಮ ಕೆಲಸಕ್ಕೇ ಕುತ್ತು ಬರಬಹುದು. ಪ್ಲಾಂಟ್ ಹೆಸರು, ಏರಿಯಾ, ತಿಂಗಳು, ಎಷ್ಟನೇ ಮಹಡಿ, ಯಾವುದೂ ಬೇಡ. ಪಾಠಕ್ಕೆ ಅವುಗಳಿಂದ ಏನೂ ಸೇರುವುದಿಲ್ಲ. ಚಲನ್‌ನ ಫೋಟೋ ಹಾಕುವ ಆಸೆ ನನಗೂ ಇತ್ತು, ಅದರಲ್ಲಿ ಗಾಡಿ ನಂಬರ್, ಕಂಪನಿ ಲೋಗೋ, ಡ್ರೈವರ್ ಸಹಿ ಎಲ್ಲ ಇರುತ್ತದೆ. ಪವರ್‌ಪಾಯಿಂಟ್‌ನಲ್ಲಿ ಫೋಟೋ ಕ್ರಾಪ್ ಮಾಡಿದರೆ ಕತ್ತರಿಸಿದ ಭಾಗ ಕಣ್ಣಿಗೆ ಕಾಣುವುದಿಲ್ಲ, ಆದರೆ ಫೈಲಿನ ಒಳಗೇ ಇರುತ್ತದೆ, ಬೇರೆಯವರು ಮತ್ತೆ ಬಿಡಿಸಿ ನೋಡಬಹುದು. ಹಾಗಾಗಿ ಫೋಟೋ ಬಿಟ್ಟು, ಲೋಡಿಂಗ್ ಟೈಮ್ ಎಲ್ಲಿರುತ್ತದೆ ಅಂತ ತೋರಿಸುವ ಒಂದು ಖಾಲಿ ಚಲನ್ ಚಿತ್ರ ಬರೆದು ಹಾಕಿದೆ. ಪಿಡಿಎಫ್ ಮಾಡುವಾಗಲೂ ಒಂದು ಸಂಗತಿ ಇದೆ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಮಾಡಿದರೆ ಫೈಲಿನ ವಿವರದಲ್ಲಿ ಹೆಸರು, ಕೆಲವೊಮ್ಮೆ ಕಂಪನಿ ಹೆಸರು ಸೇರಿಕೊಳ್ಳುತ್ತದೆ. ಪವರ್‌ಪಾಯಿಂಟ್‌ನಲ್ಲಿ ಪಿಡಿಎಫ್ ಆಗಿ ಸೇವ್ ಮಾಡುವ ಕಡೆ Options ಒತ್ತಿ Document properties ಮೇಲಿನ ಟಿಕ್ ತೆಗೆಯಿರಿ. ಇಷ್ಟೆಲ್ಲ ಮಾಡಿಯೂ ನನ್ನ ಮ್ಯಾನೇಜರ್‌ಗೆ ಮೊದಲೇ ಕಳಿಸಿ ಒಪ್ಪಿಗೆ ತಗೊಂಡೆ. ಅವರು ಒಂದೇ ಬದಲಾವಣೆ ಹೇಳಿದರು, ಹೆಚ್ಚುವರಿ ಖರ್ಚಿನ ಮೊತ್ತ ಬೇಡ ಅಂತ. ತೆಗೆದೆ.

ಸ್ಲೈಡ್ ಜೋಡಿಸಿದ್ದು ಪವರ್‌ಪಾಯಿಂಟ್‌ನಲ್ಲೇ. ಲಿಂಕ್ಡ್‌ಇನ್‌ನಲ್ಲಿ ಸರಿಸಿ ಓದುವ ಈ ಪೋಸ್ಟ್ ಅಂದರೆ ಬೇರೇನಲ್ಲ, ಪಿಡಿಎಫ್ ಒಂದನ್ನು ಡಾಕ್ಯುಮೆಂಟ್ ಆಗಿ ಅಪ್‌ಲೋಡ್ ಮಾಡುವುದು. ಸ್ಲೈಡ್ ಅಳತೆಯನ್ನು 20 ಸೆಂಟಿಮೀಟರ್ ಅಗಲ, 25 ಎತ್ತರ ಅಂತ ಇಟ್ಟೆ. ಉದ್ದಕ್ಕಿದ್ದರೆ ಫೋನ್‌ನಲ್ಲಿ ಹೆಚ್ಚು ಜಾಗ ತುಂಬುತ್ತದೆ. ಅಕ್ಷರದ ಗಾತ್ರ ಲ್ಯಾಪ್‌ಟಾಪ್ ನೋಡಿಕೊಂಡು ಇಡಬೇಡಿ. 20 ಸೆಂಟಿಮೀಟರ್ ಅಗಲದ ಸ್ಲೈಡು ಫೋನ್ ಪರದೆಯಲ್ಲಿ 7 ಸೆಂಟಿಮೀಟರ್‌ಗೆ ಕುಗ್ಗುತ್ತದೆ. ಅಂದರೆ 28 ಪಾಯಿಂಟ್ ಅಕ್ಷರ ಕಾಣುವುದು ಸುಮಾರು 10 ಪಾಯಿಂಟ್‌ನಷ್ಟು. ಅದಕ್ಕಿಂತ ಚಿಕ್ಕದಾದರೆ ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತವೆ. ಇಷ್ಟು ದೊಡ್ಡ ಅಕ್ಷರ ಇಟ್ಟರೆ ಒಂದು ಸ್ಲೈಡಿಗೆ ಮೂವತ್ತು ಮೂವತ್ತೈದು ಪದ ಹಿಡಿದರೆ ಹೆಚ್ಚು. ಮಾತು ಬಿಗಿಯಾಗಿ ಬರೆಯೋದಕ್ಕೆ ಅದೂ ಒಳ್ಳೆಯದೇ.

ಕನ್ನಡಕ್ಕೇ ಬರುವ ತೊಂದರೆಗಳು ಬೇರೆ ಇವೆ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ, ಯೂನಿಕೋಡ್ ಅಲ್ಲದ್ದರಲ್ಲಿ, ಟೈಪ್ ಮಾಡಿಟ್ಟ ಬರಹವನ್ನು ತಂದು ಹಾಕಿದರೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ನಾನು ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡ ಬಳಸಿದೆ. ಸಾಲುಗಳ ನಡುವಿನ ಅಂತರ ಒಂದೂವರೆ ಪಟ್ಟು ಇಟ್ಟೆ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಶೀರ್ಷಿಕೆ ಚೆಂದ ಕಾಣಲಿ ಅಂತ ಅಕ್ಷರಗಳ ನಡುವಿನ ಅಂತರ ಹಿಗ್ಗಿಸಲು ಹೋಗಬೇಡಿ, ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಆಗುವ ಸಾಧ್ಯತೆ ಇದೆ. ನಮ್ಮ ಕೆಲಸದ ಪದಗಳಲ್ಲಿ ಇನ್ನೊಂದು ಕಾಟ. 'ಸ್ಲ್ಯಾಬ್‌ನ' ಅಂತ ಟೈಪ್ ಮಾಡಿದ್ದು ಎಲ್ಲಿಂದಲೋ ಕಾಪಿ ಮಾಡುವಾಗ 'ಸ್ಲ್ಯಾಬ್ನ' ಆಗಿಬಿಡುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಇರುತ್ತದೆ, ಅದು ಬಿದ್ದುಹೋದರೆ ಹೀಗೆ. ಪಿಡಿಎಫ್ ಆದ ಮೇಲೆ ಫೋನ್‌ನಲ್ಲಿ ತೆರೆದು ಒಂದು ಸಲ ಪೂರ್ತಿ ಓದಿ. ಪೋಸ್ಟ್ ಮಾಡಿದ ಮೇಲೆ ಜೊತೆಗಿನ ಬರಹ ತಿದ್ದಬಹುದು, ಪಿಡಿಎಫ್ ಬದಲಿಸೋಕೆ ಆಗಲ್ಲ.

ಮೊದಲ ಸ್ಲೈಡಿಗೆ ಏನು ಹಾಕಬೇಕು ಅಂತ ಬಹಳ ತಲೆ ಕೆಡಿಸಿಕೊಂಡೆ. 'ಈ ವರ್ಷ ನಾನು ಕಲಿತ ಪಾಠ' ಅಂದರೆ ಯಾರೂ ಮುಂದಕ್ಕೆ ಸರಿಸುವುದಿಲ್ಲ. 'ಈ ಒಂದು ತಪ್ಪು ಮಾಡಬೇಡಿ' ಅಂದರೆ ಯೂಟ್ಯೂಬ್ ಥಂಬ್‌ನೇಲ್ ಆಗುತ್ತದೆ. ಕೊನೆಗೆ ಪ್ರಶ್ನೆಯನ್ನೇ ಹಾಕಿದೆ: "ಲಾರಿ ವಾಪಸ್ ಕಳಿಸಿದಿರಿ. ಅರ್ಧ ಸ್ಲ್ಯಾಬ್ ಬಾಕಿ ಇದೆ. ಈಗ ಎಲ್ಲಿ ನಿಲ್ಲಿಸುತ್ತೀರಿ?" ಸೈಟ್‌ನವರಿಗೆ ಇದು ತಕ್ಷಣ ತಾಗುತ್ತದೆ. ಸೈಟ್ ಅಲ್ಲದವರಿಗೆ ತಾಗದಿದ್ದರೂ ಪರವಾಗಿಲ್ಲ, ನಾನು ಬರೆದದ್ದು ಅವರಿಗಲ್ಲ. ಏಳನೇ ಸ್ಲೈಡಿನಲ್ಲಿ ಬರೀ ಒಂದು ಚಿತ್ರ: ಪ್ಯಾನೆಲ್, ಎರಡೂ ಕಡೆ ಬೀಮ್, ನಡುವಿನ ಮೂರನೇ ಒಂದು ಪಾಲಿಗೆ ಬಣ್ಣ, ಅಲ್ಲಿ ಕಚ್ಚು ಹಾಕಿದ ಹಲಗೆ. ಧನ್ಯವಾದ, ಫಾಲೋ ಮಾಡಿ, ಹೊಸ ವರ್ಷದ ಶುಭಾಶಯ ಯಾವುದೂ ಹಾಕಲಿಲ್ಲ.

ಲೈಕು ಹೆಚ್ಚೇನೂ ಬರಲಿಲ್ಲ, ಪ್ರಮೋಷನ್ ಪೋಸ್ಟುಗಳ ಮುಂದೆ ಏನೇನೂ ಅಲ್ಲ. ಕಾಮೆಂಟುಗಳು ಮಾತ್ರ ಕೆಲಸಕ್ಕೆ ಬರುವಂಥವು. ಹಿರಿಯ ಎಂಜಿನಿಯರ್ ಒಬ್ಬರು ನೇರವಾಗಿ ಆಕ್ಷೇಪ ಎತ್ತಿದರು. ಸ್ಲಂಪ್ ಇಳಿದ ಕಾಂಕ್ರೀಟೆಲ್ಲ ವಾಪಸ್ ಕಳಿಸಬೇಕಾಗಿಲ್ಲ, ಪ್ಲಾಂಟ್‌ನ ಟೆಕ್ನಿಷಿಯನ್ ಸೈಟಿನಲ್ಲಿದ್ದು ಹರಿವು ಹೆಚ್ಚಿಸುವ ರಾಸಾಯನಿಕ ಅಡ್‌ಮಿಕ್ಸ್ಚರ್ ಅಳೆದು ಸೇರಿಸಿ, ಡ್ರಮ್ ಚೆನ್ನಾಗಿ ತಿರುಗಿಸಿ, ಮತ್ತೆ ಸ್ಲಂಪ್ ನೋಡಿದರೆ ಬಳಸಬಹುದು ಅಂತ. ಸರಿಯಾದ ಮಾತು. ನೀರು ಸೇರಿಸುವುದಕ್ಕೂ ಅದಕ್ಕೂ ಬಹಳ ವ್ಯತ್ಯಾಸ ಇದೆ. ಅವತ್ತು ನಮ್ಮಲ್ಲಿ ಟೆಕ್ನಿಷಿಯನ್ ಇರಲಿಲ್ಲ, ಟೈಮೂ ಮೀರಿತ್ತು. ಆದರೆ ನನ್ನ ಸ್ಲೈಡ್ ಓದಿದವರಿಗೆ ಅಂಥ ದಾರಿಯೇ ಇಲ್ಲ ಅನಿಸುವ ಹಾಗಿತ್ತು. ಪಿಡಿಎಫ್ ಬದಲಿಸೋಕೆ ಆಗದ್ದರಿಂದ ಪೋಸ್ಟಿನ ಬರಹದಲ್ಲಿ ಅವರ ಮಾತನ್ನು ಸೇರಿಸಿ, ದೊಡ್ಡ ಸ್ಲ್ಯಾಬ್ ದಿನ ಪ್ಲಾಂಟ್‌ನಿಂದ ಟೆಕ್ನಿಷಿಯನ್ ಕಳಿಸಲು ಆರ್ಡರ್ ಮಾಡುವಾಗಲೇ ಕೇಳಿ ಅಂತ ಒಂದು ಸಾಲು ಹಾಕಿದೆ.

ಸೈಟ್ ಗ್ರೂಪುಗಳಲ್ಲಿ ಪಿಡಿಎಫ್ ಯಾರೂ ತೆರೆಯುವುದಿಲ್ಲ ಅಂತ ಗೊತ್ತಿದ್ದರಿಂದ ಆರು ಮತ್ತು ಏಳನೇ ಸ್ಲೈಡನ್ನು ಮಾತ್ರ ಚಿತ್ರವಾಗಿ ಸೇವ್ ಮಾಡಿ ವಾಟ್ಸಾಪ್‌ಗೆ ಹಾಕಿದೆ. ಹೆಚ್ಚು ಓಡಾಡಿದ್ದು ಅದೇ. ಹಲಗೆಯ ಕಚ್ಚು ಕಂಬಿಗಿಂತ ಎಷ್ಟು ಅಗಲ ಇರಬೇಕು ಅಂತ ಒಬ್ಬ ಕಂಟ್ರಾಕ್ಟರ್ ಕೇಳಿದರು. ಮೇಸ್ತ್ರಿ ನನಗಿಂತ ಮೊದಲೇ ವಾಯ್ಸ್ ಮೆಸೇಜಿನಲ್ಲಿ ಉತ್ತರ ಕೊಟ್ಟಿದ್ದರು: ಕಂಬಿ ಸಲೀಸಾಗಿ ಕೂರಬೇಕು ಅಷ್ಟೇ, ಜಾಸ್ತಿ ಸಂದಿ ಬಿಟ್ಟರೆ ಹಾಲು ಸೋರಿಹೋಗುತ್ತೆ, ಉಳಿದ ಸಂದಿಗೆ ಗೋಣಿ ತುಂಡು ತುರುಕಿ.